ಗುಡ್ಲು ಹಾಕಿ ಐದು ವರ್ಷ

"ಡಾಕ್ಟ್ರಾಗೋದು ಆಮೇಲಿನ ಮಾತು. ಇವಳು ಮೊದಲು ಹೆಣ್ಣಾಗ್ಲಿ, ನೋಡಾನ" ಎಂದವರು ನನ್ನ ಸೋದರಮಾವ.

ನಂಗಲಿ ಹತ್ತಿರದ ನಮ್ಮ ಹಳ್ಳಿಯಲ್ಲಿ, ನಮ್ಮ ಮನೆ ಜಗಲಿಯ ಮೇಲೆ ಕೂತು, ಹೆದ್ದಾರಿಯ ಲಾರಿಗಳ ಸದ್ದನ್ನೂ ಮೀರುವ ಗಂಟಲಲ್ಲಿ ಹೇಳಿದ್ದರು. ನನಗಾಗ ಹದಿನಾರು. ಮೊದಲ ಪಿಯುಸಿ, ಅದೂ ಸೈನ್ಸು. ನಮ್ಮ ವಂಶದಲ್ಲಿ ನನಗಿಂತ ಮುಂಚೆ ಹತ್ತನೇ ಕ್ಲಾಸು ದಾಟಿದವರು ಒಬ್ಬರೂ ಇರಲಿಲ್ಲ. ಒಂದೇ ಉಸಿರಿನಲ್ಲಿ ಎರಡು ಅಸಾಧ್ಯಗಳನ್ನು ಘೋಷಿಸಿದ ಮಾವ ಎಲೆಯಡಿಕೆ ಉಗುಳಿ, ಕಾಫಿ ಕುಡಿದು ಹೋದರು. ಎರಡೂ ಸಾಧ್ಯವಾದವು. ಈಗ ಕೇಳಿದರೆ, "ನಾನಾ? ನಾನ್ಯಾಕಮ್ಮ ಹಂಗಂತೀನಿ? ನೀನು ಡಾಕ್ಟ್ರಾಗ್ತೀಯ ಅಂತ ಮೊದಲು ಹೇಳಿದ್ದೇ ನಾನು" ಎನ್ನುತ್ತಾರೆ. ಊರಿನಲ್ಲಿ ಅರ್ಧ ಜನ ನಂಬುತ್ತಾರೆ ಕೂಡ.

ಮಾವನ ಸಿಟ್ಟಿಗೂ ಒಂದು ಕಾರಣವಿತ್ತು. ನಮ್ಮ ಕಡೆ ಹುಡುಗಿ ದೊಡ್ಡವಳಾದರೆ ಅವಳ ತಾಯಿಯ ಅಣ್ಣನೋ ತಮ್ಮನೋ ಹಸಿ ತೆಂಗಿನ ಗರಿ ಕಡಿದು ತಂದು ಗೋಡೆಯ ಪಕ್ಕದಲ್ಲಿ ಒಂದು ಪುಟ್ಟ ಗುಡಿಸಲು ಹಾಕಬೇಕು. ಅದೇ ಗುಡ್ಲು. ಹುಡುಗಿ ಅದರೊಳಗೆ ಕೂರಬೇಕು. ಅವಳಿಗೆ ಎಳ್ಳು ಬೆಲ್ಲದ ಚಿಗಳಿ, ಕೊಬ್ಬರಿ, ತುಪ್ಪ ತಿನ್ನಿಸಬೇಕು. ಆಮೇಲೆ ನೀರು ಹಾಕಿ ಆರತಿ ಎತ್ತಬೇಕು. ಸೋದರಮಾವನಾದವನಿಗೆ ಅದು ಹಕ್ಕು, ಮರ್ಯಾದೆ, ಹತ್ತು ಜನರ ಮುಂದೆ ಹೊಸ ಪಂಚೆ ಉಟ್ಟು ನಿಲ್ಲುವ ಅವಕಾಶ. ನನ್ನ ಮಾವ ನನಗಾಗಿ ಮಚ್ಚು ಮಸೆದಿಟ್ಟುಕೊಂಡು ಮೂರು ವರ್ಷದಿಂದ ಕಾಯುತ್ತಿದ್ದರು. ನಾನು ಮಾತ್ರ ಬೆಳೆಯುವ ಯಾವ ಲಕ್ಷಣವನ್ನೂ ತೋರಿಸದೆ ಪುಸ್ತಕ ಓದುತ್ತಿದ್ದೆ.

"ಮಚ್ಚು ತುಕ್ಕು ಹಿಡೀತು ಕಣಮ್ಮ" ಎಂದು ನನ್ನ ಅಮ್ಮನಿಗೆ ಹೇಳುತ್ತಿದ್ದರು, ನಾನೇ ಅದರ ಮೇಲೆ ನೀರು ಹುಯ್ದಿದ್ದೇನೆ ಎನ್ನುವ ಹಾಗೆ.

ಮಾವನಿಗೆ ಒಬ್ಬ ಮಗ, ಒಬ್ಬಳು ಮಗಳು. ನನಗಿಂತ ಎರಡೇ ತಿಂಗಳು ದೊಡ್ಡವಳು. ಒಂದೇ ತಟ್ಟೆಯಲ್ಲಿ ಮುದ್ದೆ ತಿಂದು, ಒಂದೇ ಬೆಂಚಿನಲ್ಲಿ ಕೂತು ಬೆಳೆದೆವು. ಅವಳು ಹನ್ನೊಂದಕ್ಕೇ ದೊಡ್ಡವಳಾದಳು. ಏಳನೇ ಕ್ಲಾಸಿನ ಗ್ರೂಪ್ ಫೋಟೋದಲ್ಲಿ ಅವಳು ಹಿಂದಿನ ಸಾಲಿನಲ್ಲಿ ಟೀಚರಿನ ತಂಗಿಯ ಹಾಗೆ ನಿಂತಿದ್ದಾಳೆ. ನಾನು ನೆಲದ ಮೇಲೆ, ಅವಳು ಹೆತ್ತ ಮಗುವಿನ ಹಾಗೆ ಕೂತಿದ್ದೇನೆ. ಇಬ್ಬರಿಗೂ ಹನ್ನೆರಡು.

ನಮ್ಮೂರಲ್ಲಿ ಹುಟ್ಟಿದ ತಾರೀಖು ನೆನಪಿಡುವ ಪದ್ಧತಿ ಇರಲಿಲ್ಲ. ಗುಡ್ಲು ಹಾಕಿದ ದಿನ ಮಾತ್ರ ಎಲ್ಲರಿಗೂ ನೆನಪು: ಗರಿ ಯಾರ ತೋಟದ್ದು, ಪಾಯಸಕ್ಕೆ ಗೋಡಂಬಿ ಹಾಕಿದ್ದರೋ ಇಲ್ಲವೋ, ಯಾರು ಮುನಿಸಿಕೊಂಡು ಊಟ ಮಾಡದೆ ಹೋದರು, ಎಲ್ಲವೂ. ಆದ್ದರಿಂದ ಹುಡುಗಿಯರ ವಯಸ್ಸು ಹೇಳುವುದಕ್ಕೆ ಮಾವ ಒಂದು ಸೂತ್ರ ಮಾಡಿಕೊಂಡಿದ್ದರು. ಹೆಣ್ಣು ದೊಡ್ಡವಳಾಗುವುದು ಹದಿಮೂರಕ್ಕೆ. ಅದು ಪ್ರಕೃತಿ ನಿಯಮ. ಗುಡ್ಲು ಹಾಕಿ ಎಷ್ಟು ವರ್ಷ ಆಯಿತೋ ಅಷ್ಟನ್ನು ಹದಿಮೂರಕ್ಕೆ ಸೇರಿಸು. ಐದು ವರ್ಷವಾಗಿದ್ದರೆ ಹದಿನೆಂಟು. ಹದಿನೆಂಟಾದರೆ ಮದುವೆ. ಸರ್ಕಾರವೂ ಅದನ್ನೇ ಹೇಳುತ್ತದಲ್ಲ!

ಈ ಸೂತ್ರದ ಪ್ರಕಾರ ಹದಿನಾರು ವರ್ಷದ ಮಗಳಿಗೆ ಹದಿನೆಂಟು ತುಂಬಿತು. ಶ್ರೀನಿವಾಸಪುರದ ಕಡೆಯ ಒಂದು ಮನೆಗೆ ಅವಳನ್ನು ಮದುವೆ ಮಾಡುವುದೆಂದು ಗೊತ್ತಾಯಿತು. ಅದೇ ಸೂತ್ರದ ಪ್ರಕಾರ ನನಗೆ ವಯಸ್ಸೇ ಇರಲಿಲ್ಲ. ಕೂಡಿಸುವುದಕ್ಕೆ ಗುಡ್ಲೇ ಬೇಕಲ್ಲ. ನಾನು ಲೆಕ್ಕಕ್ಕಿಲ್ಲದವಳು.

ಅದರ ಲಾಭ ನನಗೆ ಆಮೇಲೆ ತಿಳಿಯಿತು. ನನ್ನನ್ನು ಯಾರೂ ಕೇಳಿಕೊಂಡು ಬರಲಿಲ್ಲ. "ಆ ಹುಡುಗೀಲಿ ಏನೋ ದೋಷ ಇದೆಯಂತೆ" ಎಂಬ ಸುದ್ದಿ ನಂಗಲಿಯಿಂದ ಮುಳಬಾಗಿಲಿನವರೆಗೆ ಬಸ್ಸಿಗಿಂತ ಮುಂಚೆ ತಲುಪಿತ್ತು. ನನ್ನ ಅಪ್ಪ, ಅಮ್ಮ ಬೇರೆ ದಾರಿ ಕಾಣದೆ ನನ್ನನ್ನು ಓದಿಸಿದರು. ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಭಾಷಣ ಮಾಡಲು ಕರೆದಾಗಲೆಲ್ಲ ನಾನು ಶ್ರಮ, ಛಲ, ತಂದೆತಾಯಿಯ ಆಶೀರ್ವಾದ ಎಂದು ಹೇಳಿ ಬರುತ್ತೇನೆ. ಮೈ ತಡ ಮಾಡಿದ್ದು ದೊಡ್ಡ ಉಪಕಾರ ಎಂದು ಹೇಳುವುದಿಲ್ಲ. ಹಾರ ಹಾಕಿದವರಿಗೆ ಮುಜುಗರವಾಗುತ್ತದೆ.

ಅಮ್ಮನಿಗೆ ಮಾತ್ರ ಒಳಗೊಳಗೇ ಭಯ. ಒಂದು ದಿನ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋಗುವುದೆಂದು ನಿರ್ಧರಿಸಿದಳು. ಅವಳಿಗೆ ಬಸ್ಸಿನ ಬೋರ್ಡು ಓದಲು ಬರುವುದಿಲ್ಲ, ಅಪ್ಪ ರೇಷ್ಮೆ ಹುಳು ಬಿಟ್ಟು ಕದಲುವಂತಿರಲಿಲ್ಲ. ಮಗಳ ಲಗ್ನಪತ್ರಿಕೆ ಅಚ್ಚು ಹಾಕಿಸಲು ಮಾವ ಹೇಗೂ ಕೋಲಾರಕ್ಕೆ ಹೊರಟಿದ್ದರು. ಮೂವರೂ ಒಂದೇ ಬಸ್ಸಿನಲ್ಲಿ ಹೋದೆವು.

ಅಲ್ಲಿನ ಡಾಕ್ಟರು ವಯಸ್ಸಾದ ಹೆಂಗಸು. ನನ್ನ ಎತ್ತರ, ತೂಕ ನೋಡಿ, ನಾಲ್ಕು ಪ್ರಶ್ನೆ ಕೇಳಿ, ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದರು. ಆಮೇಲೆ ಅಮ್ಮನ ಕಡೆ ತಿರುಗಿ, "ನೀವು ಎಷ್ಟಕ್ಕಮ್ಮ ದೊಡ್ಡವರಾಗಿದ್ದು?" ಎಂದರು.

ಅಮ್ಮ ಸೆರಗಿನ ತುದಿ ತಿರುಚುತ್ತ, "ನಂದೂ ತಡವೇ ಅಮ್ಮಾ. ಹದಿನಾರು ಕಳೆದಿತ್ತು ಅಂತಿದ್ರು. ನಮ್ಮಮ್ಮಂಗೂ ಹಂಗೇ ಅಂತೆ" ಎಂದಳು.

ಡಾಕ್ಟರು ನಕ್ಕರು. "ಮತ್ತೆ ಇವಳನ್ನ ಯಾಕೆ ಬೈತೀರಾ? ನೀವು ಕೊಟ್ಟ ಗಡಿಯಾರಾನೇ ಕಟ್ಕೊಂಡಿದ್ದಾಳೆ." ಫಿಲಂ ಅನ್ನು ಬೆಳಕಿಗೆ ಹಿಡಿದು ಮೂಳೆಯ ತುದಿಯಲ್ಲಿದ್ದ ಕಪ್ಪು ಗೆರೆಯನ್ನು ತೋರಿಸಿದರು. "ಇದು ಇನ್ನೂ ತೆರೆದಿದೆ. ಬೆಳೆಯೋ ಜಾಗ ಇದು. ಹುಡುಗಿಗೆ ಹದಿನಾರು, ಮೂಳೆಗೆ ಹನ್ನೆರಡೂವರೆ. ಮೂಳೆ ಹದಿಮೂರರ ಹತ್ತಿರ ಬಂದಾಗ ತಾನೇ ಆಗ್ತಾಳೆ. ಒಂದು ವರ್ಷದೊಳಗೆ."

ಮಾವ ಬಾಗಿಲಲ್ಲೇ ನಿಂತಿದ್ದರು. ಹೊರಗೆ ಬಂದ ಮೇಲೆ, "ಮೂಳೆಗೊಂದು ವಯಸ್ಸು, ಮನುಷ್ಯಂಗೊಂದು ವಯಸ್ಸಂತೆ. ಫೀಜು ಕಿತ್ಕೊಳ್ಳಾಕೆ ಏನೇನ್ ಹೇಳ್ತಾರಪ್ಪ" ಎಂದರು. ಅದು ಸರ್ಕಾರಿ ಆಸ್ಪತ್ರೆ.

ಏಳು ತಿಂಗಳಿಗೆ ಡಾಕ್ಟರ ಮಾತು ನಿಜವಾಯಿತು. ಮಾವ ತುಕ್ಕು ಹಿಡಿದ ಮಚ್ಚಿನಲ್ಲೇ ಗರಿ ಕಡಿದು, "ಈ ಗರಿ ಮದುವೆ ಚಪ್ಪರಕ್ಕಾದ್ರೂ ಆಗ್ತಿತ್ತು" ಎಂದು ಗೊಣಗುತ್ತ ಗುಡ್ಲು ಹಾಕಿದರು. ನಾನು ಭೌತಶಾಸ್ತ್ರದ ಪುಸ್ತಕ ಹಿಡಿದು ಒಳಗೆ ಕೂತೆ. ನನ್ನ ಜೀವನದಲ್ಲಿ ಅಂಥ ಓದುವ ಕೋಣೆ ಮತ್ತೆ ಸಿಗಲಿಲ್ಲ. ಯಾರೂ ಮುಟ್ಟುವ ಹಾಗಿಲ್ಲ, ಯಾರೂ ಸೊಪ್ಪು ಕೊಯ್ಯಲು ಕರೆಯುವ ಹಾಗಿಲ್ಲ, ಹೊತ್ತು ಹೊತ್ತಿಗೆ ಚಿಗಳಿ. ಆ ಹೊತ್ತಿಗೆ ಅದೇ ವಯಸ್ಸಿನ ಮಾವನ ಮಗಳು ಶ್ರೀನಿವಾಸಪುರದ ಕಡೆ ಗಂಡನ ಮನೆಯಲ್ಲಿ ಹನ್ನೆರಡು ಜನಕ್ಕೆ ಮುದ್ದೆ ತಿರುವುತ್ತಿದ್ದಳು.

ನಾನು ಡಾಕ್ಟರಾದೆ. ಒಂದು ಸಲ ಸೀಟು ತಪ್ಪಿ, ಒಂದು ವರ್ಷ ಮನೆಯಲ್ಲಿ ಹುಳು ಮೇಯಿಸುತ್ತ ಓದಿ, ಎರಡನೇ ಸಲ ಸರ್ಕಾರಿ ಸೀಟು ಹಿಡಿದು ಆದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನನ್ನ ಹೆಸರಿನ ಮುಂದಿನ ಎರಡಕ್ಷರ ಯಾರ ಮನೆಯ ಆಸ್ತಿಯೂ ಅಲ್ಲ. ಈಗ ಮುಳಬಾಗಿಲಿನ ತಾಲ್ಲೂಕು ಆಸ್ಪತ್ರೆಯಲ್ಲಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಜೊತೆಗೇ ಕ್ವಾರ್ಟರ್ಸಿನಲ್ಲಿದ್ದಾಳೆ.

ಹೋದ ವರ್ಷ ಒಂದು ಸೋಮವಾರ, ಹೊರರೋಗಿಗಳ ಸಾಲು ಗೇಟಿನವರೆಗೆ ಇದ್ದಾಗ, ಮಾವ ಸಾಲನ್ನು ಗಣನೆಗೆ ತೆಗೆದುಕೊಳ್ಳದೆ ನೇರ ಒಳಗೆ ಬಂದರು. ಹಿಂದೆ ಮಗಳು. ಅವಳ ಹಿಂದೆ ಅವಳ ಮಗಳು, ಸ್ಕೂಲ್ ಯೂನಿಫಾರಂನಲ್ಲಿ.

"ಏನಮ್ಮಾ ಡಾಕ್ಟ್ರಮ್ಮಾ, ಒಂದು ಸೀಲ್ ಒತ್ತಬೇಕಲ್ಲ" ಎಂದು ಮಾವ ಕುರ್ಚಿ ಎಳೆದುಕೊಂಡರು. "ಮಾಲೂರ್ ಕಡೆ ಹುಡುಗ. ಫ್ಯಾಕ್ಟ್ರೀಲಿ ಕೆಲಸ. ಮುಂದಿನ ತಿಂಗಳು ಲಗ್ನ. ಚೌಟ್ರಿಯವನು ವಯಸ್ಸಿನ ಸರ್ಟಿಫಿಕೇಟ್ ಇಲ್ದೆ ಬುಕ್ ಮಾಡಲ್ಲ ಅಂತಾನೆ. ಎಲ್ಲೆಲ್ಲಿ ಬಂತಪ್ಪ ಕಾಲ!"

"ಯಾರಿಗೆ ಮದುವೆ ಮಾವ?"

"ಇವಳಿಗೇ. ಇನ್ಯಾರಿಗೆ, ನಿಂಗಾ?"

"ಎಷ್ಟನೇ ಕ್ಲಾಸಮ್ಮ ನೀನು?" ಎಂದು ಹುಡುಗಿಯನ್ನು ಕೇಳಿದೆ.

"ಒಂಬತ್ತು, ಅತ್ತೆ."

"ಕ್ಲಾಸು ಬಿಡು. ಕ್ಲಾಸಲ್ಲಿ ಏನೈತೆ? ಇವಳಿಗೆ ಗುಡ್ಲು ಹಾಕಿ ಐದು ವರ್ಷ" ಎಂದರು ಮಾವ. "ನನ್ನ ಮಗಾನೇ ಸೋದರಮಾವ ಆಗಿ ಗರಿ ತಂದಿದ್ದು. ಫ್ಲೆಕ್ಸ್ ಹಾಕ್ಸಿದ್ದೋ, ತಾರೀಖು ಸಮೇತ. ಹದಿಮೂರು, ಐದು, ಹದಿನೆಂಟು. ನೋಡಿದ್ರೆ ಗೊತ್ತಾಗಲ್ವಾ? ಅವರಮ್ಮನಷ್ಟೇ ಅವ್ಳೆ."

ಹದಿನಾರು ವರ್ಷದ ಹಿಂದಿನ ಸೂತ್ರ ಒಂದು ಅಕ್ಷರವೂ ಬದಲಾಗದೆ ನನ್ನ ಮೇಜಿನ ಮೇಲೆ ಬಂದು ಕೂತಿತ್ತು. ಮಾವನ ಮಗಳು ನನ್ನನ್ನೇ ನೋಡುತ್ತಿದ್ದಳು. ಆ ನೋಟ ಏನು ಕೇಳುತ್ತಿದೆಯೆಂದು ತಿಳಿಯಲು ಎಂಬಿಬಿಎಸ್ ಬೇಡ.

"ಆಗಲ್ಲ ಮಾವ" ಎಂದೆ. "ಶಾಲೆಯಲ್ಲಿ ಹುಟ್ಟಿದ ತಾರೀಖು ಇರುತ್ತೆ. ಅದಿರುವಾಗ ಡಾಕ್ಟರು ನೋಡಿ ವಯಸ್ಸು ಹೇಳೋ ಹಾಗಿಲ್ಲ."

"ಶಾಲೇಲಿ ಮೇಷ್ಟ್ರು ಬರಕೊಂಡಿದ್ದು. ಎಲ್ಲಾ ಮಕ್ಕಳೂ ಜೂನ್ ಒಂದನೇ ತಾರೀಖೇ ಹುಟ್ಟೋದು ಆ ಮೇಷ್ಟ್ರು ಪ್ರಕಾರ. ನಾನೇನ್ ಸುಮ್ನೆ ಬಂದಿದೀನಾ?" ಮಾವ ಚೀಲದಿಂದ ದೊಡ್ಡ ಲಕೋಟೆ ತೆಗೆದರು. "ಕೋಲಾರದಲ್ಲಿ ಕೈ ಫೋಟೋ ಹಿಡಿಸಿದೀನಿ. ಪ್ರೈವೇಟು."

ಬೆಳಕಿಗೆ ಹಿಡಿದು ನೋಡಿದೆ. ಮಣಿಕಟ್ಟಿನ ಗೆರೆಗಳು ಮುಚ್ಚಿದ್ದವು. ಜೊತೆಗಿದ್ದ ಚೀಟಿಯಲ್ಲಿ ಬರೆದವರು ಪ್ರಾಮಾಣಿಕವಾಗಿಯೇ ಬರೆದಿದ್ದರು: ಮೂಳೆಯ ವಯಸ್ಸು ಅಂದಾಜು ಹದಿನೇಳರಿಂದ ಹತ್ತೊಂಬತ್ತು, ನಿಜವಾದ ವಯಸ್ಸು ಇದಕ್ಕಿಂತ ಬೇರೆಯಿರಬಹುದು. ಮಾವ ಹದಿನೇಳನ್ನೂ ಹತ್ತೊಂಬತ್ತನ್ನೂ ಪಕ್ಕಕ್ಕೆ ಸರಿಸಿ ನಡುವಿನ ಹದಿನೆಂಟನ್ನು ಎತ್ತಿಕೊಂಡಿದ್ದರು. ಕೊನೆಯ ವಾಕ್ಯವನ್ನು ಯಾರೂ ಅವರಿಗೆ ಓದಿ ಹೇಳಿರಲಿಲ್ಲ.

ನನಗೆ ಹೆದರಿಕೆಯಾಯಿತು. ಬೇಗ ಬೆಳೆದ ಹುಡುಗಿಯ ಮೂಳೆಯೂ ಬೇಗ ಬೆಳೆದಿರುತ್ತದೆ. ಮೈಗೂ ಮೂಳೆಗೂ ಹುಕುಂ ಕೊಡುವ ಹಾರ್ಮೋನು ರಸಗಳು ಒಂದೇ. ಒಂದು ಸಾಕ್ಷಿ ತಪ್ಪು ಹೇಳಿದರೆ ಇನ್ನೊಂದು ಅದಕ್ಕೇ ತಲೆಯಾಡಿಸುತ್ತದೆ. ದಾಖಲೆಯೇ ಇಲ್ಲವೆಂದಾಗಿ ಈ ಹುಡುಗಿಯನ್ನು ಯಾರಾದರೂ ಪರೀಕ್ಷೆಗೆ ಕಳಿಸಿದರೆ, ಮೈ, ಮೂಳೆ ಎರಡೂ ಮಾವನ ಕಡೆಯೇ ಸಾಕ್ಷಿ ಹೇಳುತ್ತವೆ.

"ನಾಳೆ ಬನ್ನಿ ಮಾವ" ಎಂದೆ. "ಮೂರು ಜನಾನೂ."

"ಸೀಲ್ ಮನೇಲಿಟ್ಟಿದೀಯಾ?"

"ಸೀಲಲ್ಲ. ಬೇರೆ ಒಂದು ಇದೆ."

ಹೋಗುವ ಮುನ್ನ ಹುಡುಗಿ ಹಿಂದೆ ಉಳಿದು ನನ್ನ ಕಿವಿಯ ಹತ್ತಿರ ಕೇಳಿದಳು: "ಅತ್ತೆ, ನಂಗೆ ನಿಜವಾಗ್ಲೂ ಹದಿನೆಂಟಾ? ತಾತ ಅಷ್ಟು ಜೋರಾಗಿ ಹೇಳ್ತಾರಲ್ಲ, ನಂಗೇ ಡೌಟ್ ಬರುತ್ತೆ. ಹದಿನೆಂಟಾಗಿದ್ರೆ ಒಂಬತ್ತನೇ ಕ್ಲಾಸಲ್ಲಿ ಏನ್ ಮಾಡ್ತಿದೀನಿ? ಎಷ್ಟ್ ಸಲ ಫೇಲಾದೆ?"

ಸಂಜೆ ಅಮ್ಮ ಸೊಪ್ಪು ಸೋಸುತ್ತಿದ್ದಳು. ನಡೆದದ್ದನ್ನು ಹೇಳಿ, ಮೈ ಬೆಳೆಯುವ ಲೆಕ್ಕವನ್ನೂ ವಿವರಿಸಿದೆ. ಹುಡುಗಿಯರಿಗಾಗಲಿ ಹುಡುಗರಿಗಾಗಲಿ ಮೈ ಬೆಳೆಯುವುದಕ್ಕೆ ನಮ್ಮ ಪುಸ್ತಕದಲ್ಲಿ ಐದು ಹಂತ ಬರೆದಿದ್ದಾರೆ. ಒಂದರ ಮೇಲೆ ಒಂದು ಬರುತ್ತವೆ, ಆದರೆ ಯಾವ ವಯಸ್ಸಿಗೆ ಬರುತ್ತವೆ ಎಂದು ಹೇಳಲಾಗುವುದಿಲ್ಲ. ಒಬ್ಬಳು ಒಂಬತ್ತಕ್ಕೆ ಶುರು ಮಾಡುತ್ತಾಳೆ, ಇನ್ನೊಬ್ಬಳು ಹದಿಮೂರಕ್ಕೆ, ಇಬ್ಬರೂ ಸರಿಯೇ. ಒಬ್ಬಳು ಎರಡೇ ವರ್ಷದಲ್ಲಿ ಮುಗಿಸುತ್ತಾಳೆ, ಇನ್ನೊಬ್ಬಳು ಐದು ವರ್ಷ ಎಳೆಯುತ್ತಾಳೆ. ಹುಡುಗರದ್ದು ಒಂದು ವರ್ಷ ತಡ, ಹಗರಣ ಮಾತ್ರ ಅಷ್ಟೇ ದೊಡ್ಡದು. ಒಂಬತ್ತನೇ ಕ್ಲಾಸಿನ ಒಂದೇ ಬೆಂಚಿನಲ್ಲಿ ಮೀಸೆ ತಿರುವುವವನೂ ಇನ್ನೂ ಕೀಚಲು ದನಿಯವನೂ ಅಕ್ಕಪಕ್ಕ ಕೂತಿರುತ್ತಾರೆ. ಮೇಷ್ಟ್ರು ಮೀಸೆಯವನಿಗೆ "ಕತ್ತೆ ವಯಸ್ಸಾಯ್ತು" ಎಂದು ಒಂದೇಟು ಹೆಚ್ಚು ಹಾಕುತ್ತಾರೆ. ಮೀಸೆಯವನೇ ಎರಡು ತಿಂಗಳು ಚಿಕ್ಕವನಾಗಿರುತ್ತಾನೆ.

ಅಮ್ಮ ಎಲ್ಲ ಕೇಳಿ, "ಇಷ್ಟು ತಿಳ್ಕಳಕ್ಕೆ ಐದೂವರೆ ವರ್ಷ ಓದಿದ್ಯಾ?" ಎಂದಳು. "ಹುಳು ಮೇಯಿಸಿದವಳು ನೀನು. ಒಂದೇ ಮೊಟ್ಟೆ ಹಾಳೆ, ಒಂದೇ ದಿನ ಒಡೆದಿದ್ದು, ಒಂದೇ ಸೊಪ್ಪು. ಎಲ್ಲಾ ಹುಳಾನೂ ನಾಕು ಸಲ ಜ್ವರಕ್ಕೆ ಕೂರಬೇಕು, ಪೊರೆ ಬಿಡಬೇಕು. ಐದನೇದ್ರಲ್ಲಿ ಹಣ್ಣಾಗಿ ಗೂಡು ಕಟ್ಟಬೇಕು. ಆದ್ರೆ ಒಂದು ಇವತ್ತು ಹಣ್ಣಾಗುತ್ತೆ, ಇನ್ನೊಂದು ನಾಡಿದ್ದಾದ್ರೂ ಸೊಪ್ಪು ಕಡೀತಾನೇ ಇರುತ್ತೆ. ತಡ ಆಗಿದ್ದು ಕೆಟ್ಟಿದ್ದು ಅಂತ ಎಸೀತೀವಾ?"

ಒಂದೇ ದಿನ ಒಡೆದ ಹುಳುಗಳಲ್ಲೇ ಎರಡು ದಿನದ ವ್ಯತ್ಯಾಸ. ಬೇರೆ ಬೇರೆ ತಾಯಿಯ ಮಕ್ಕಳಲ್ಲಿ, ಬೇರೆ ಬೇರೆ ಊಟ ಉಂಡು, ಬೇರೆ ಬೇರೆ ಕಾಯಿಲೆ ದಾಟಿದವರಲ್ಲಿ ನಾಲ್ಕೈದು ವರ್ಷದ ವ್ಯತ್ಯಾಸವಾದರೆ ಆಶ್ಚರ್ಯವೇನು? ತಾಯಿಯಿಂದ ಬಂದದ್ದು ಮುಖ್ಯ, ಜೊತೆಗೆ ಮೈ ತುಂಬಿಕೊಂಡಿದ್ದರೆ ಬೇಗ, ಹೊಟ್ಟೆಗೆ ಸಾಲದಿದ್ದರೆ, ಕಾಯಿಲೆ ಕಾಡಿದರೆ ತಡ. ಎಂಟಕ್ಕೂ ಮೊದಲೇ ಶುರುವಾದರೆ, ಹದಿನೈದು ದಾಟಿದರೂ ಆಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ನಡುವಿನದೆಲ್ಲ ಅವರವರ ಗಡಿಯಾರ. ಹದಿಮೂರು ಎನ್ನುವುದು ಊರಿನ ಎಲ್ಲರ ಚಪ್ಪಲಿಯನ್ನೂ ಅಳೆದು ತೆಗೆದ ನಡುವಿನ ಅಳತೆ. ಅದನ್ನು ಹೊಲಿಸಿ ಎಲ್ಲರ ಕಾಲಿಗೂ ತುರುಕುವುದು ಮಾವನ ಶಾಸ್ತ್ರ.

"ಅಮ್ಮಾ, ನನ್ನ ಕೈ ಎಕ್ಸ್‌ರೇ ಎಲ್ಲಿಟ್ಟಿದೀಯಾ?"

"ಟ್ರಂಕಲ್ಲಿ. ನಿನ್ನ ಮಾರ್ಕ್ಸ್ ಕಾರ್ಡ್ ಜೊತೆ. ಎರಡೂ ಒಂದೇ ತರ ಮುಖ್ಯ ಅಂತ ಇಟ್ಟಿದ್ದೆ."

ಮರುದಿನ ಮೂವರೂ ಬಂದರು. ನನ್ನ ಕೋಣೆಯ ಎಕ್ಸ್‌ರೇ ನೋಡುವ ಬೆಳಕಿನ ಪೆಟ್ಟಿಗೆಗೆ ಎರಡು ಫಿಲಂ ಸಿಕ್ಕಿಸಿದೆ. ಎಡಗಡೆ ಹಳೆಯದು, ಬಲಗಡೆ ಮಾವ ತಂದದ್ದು.

"ಮಾವ, ನೀವೇ ಹೇಳಿ. ಬಲಗಡೆ ನಿಮ್ಮ ಮೊಮ್ಮಗಳದು. ಗೆರೆ ಮುಚ್ಚಿದೆ. ಎಡಗಡೆದು ಇನ್ನೊಬ್ಬಳದು. ನೋಡಿ, ಗೆರೆ ಬಾಯಿ ಬಿಟ್ಟುಕೊಂಡಿದೆ. ಇವಳಿಗೆ ಎಷ್ಟಿರಬಹುದು?"

ಮಾವ ಕನ್ನಡಕ ಏರಿಸಿ, ಒಂದೇ ದಿನದಲ್ಲಿ ತಜ್ಞರಾದವರ ಗತ್ತಿನಲ್ಲಿ ನೋಡಿದರು. "ಇದು ಚಿಕ್ಕ ಮಗು. ಹನ್ನೆರಡು. ಬಾಳಾ ಅಂದ್ರೆ ಹದಿಮೂರು. ಗುಡ್ಲು ಆಗಿರಲ್ಲ ಇನ್ನೂ."

"ಭೇಷ್. ಡಾಕ್ಟರೂ ಅದನ್ನೇ ಹೇಳಿದ್ರು. ಮೂಲೆಯಲ್ಲಿ ಬರೆದಿರೋ ವಯಸ್ಸು ಓದಿ."

ಮಾವ ಬಗ್ಗಿದರು. ಅಂಕಿ ಓದಲು ಅವರಿಗೆ ಬರುತ್ತದೆ. "ಹದಿನಾರು."

"ಅದು ನನ್ನ ಕೈ ಮಾವ. ನೀವೇ ಬಸ್ಸಲ್ಲಿ ಕರಕೊಂಡು ಹೋಗಿ ತೆಗೆಸಿದ್ದು. ಲಗ್ನಪತ್ರಿಕೆ ಅಚ್ಚಿಗೆ ಕೊಟ್ಟ ದಿನ."

ಮಾವ ಕನ್ನಡಕ ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಮೂಲೆಯ ಅಂಕಿಯನ್ನು ಇನ್ನೊಮ್ಮೆ ಓದಿದರು.

"ನನ್ನ ಮೂಳೆ ಮೂರೂವರೆ ವರ್ಷ ಹಿಂದಿತ್ತು. ಇವಳದು ಮೂರು ವರ್ಷ ಮುಂದಿದೆ. ಹದಿಮೂರಕ್ಕೆ ಐದು ಸೇರಿಸಿದ್ರಲ್ಲ, ಮೂಳೆ ಮಟ್ಟಿಗೆ ನಿಮ್ಮ ಲೆಕ್ಕ ಸರಿ. ಹುಡುಗಿ ಮಟ್ಟಿಗೆ ತಪ್ಪು. ಮದುವೆ ಆಗೋದು ಮೂಳೆಯಲ್ಲ."

ಆಗ ಮಾವನ ಮಗಳ ಕಡೆ ತಿರುಗಿದೆ. "ಗುಡ್ಲು ಹಾಕಿದಾಗ ಇವಳು ಎಷ್ಟನೇ ಕ್ಲಾಸು?"

ಎರಡು ದಿನದಿಂದ ಬಾಯಿ ಬಿಡದವಳು ಅದಕ್ಕೇ ಕಾದಿದ್ದವಳಂತೆ ಹೇಳಿದಳು: "ನಾಲ್ಕು ಕಣೇ. ರಜಾ ಚೀಟಿ ಬರೆದು ನಾನೇ ಟೀಚರಿಗೆ ಕೊಟ್ಟೆ. ಅವರು ನಂಬಲಿಲ್ಲ. ಕ್ಲಾಸಲ್ಲಿ ಎಲ್ಲರಿಗಿಂತ ಎತ್ತರ ಇದ್ಲು ಆಗ. ಈಗ ನೋಡು, ಎಲ್ಲರೂ ಇವಳನ್ನ ದಾಟಿದ್ದಾರೆ."

"ಹತ್ತೂ ತುಂಬಿರಲಿಲ್ಲ ಮಾವ. ಹತ್ತಕ್ಕೆ ಐದು ಸೇರಿಸಿ."

ಮಾವನ ಸಿಟ್ಟು ವಾಪಸು ಬಂತು. "ಎರಡು ವರ್ಷ ತಡವಾಗಿ ಸೇರಿಸಿರ್ತಾಳೆ ಸ್ಕೂಲಿಗೆ! ಹೆಂಗಸರ ನೆನಪಿಗೆ ಏನು ಬೆಲೆ? ಹುಟ್ಟಿದ ಸರ್ಟಿಫಿಕೇಟೇ ತಂದು ನಿನ್ನ ಟೇಬಲ್ ಮೇಲೆ ಹಾಕ್ತೀನಿ. ಆಮೇಲೆ ನಿನ್ನ ಮುಖ ಎಲ್ಲಿಟ್ಕೋತೀಯೋ ನೋಡಾನ."

"ಮಾವ, ಒಂದು ಮಾತು. ಶಿಶು ಅಭಿವೃದ್ಧಿ ಆಫೀಸಿಗೆ ಈಗ ಫೋನ್ ಮಾಡ್ತೀನಿ. ನಿಮ್ಮ ಎದುರಿಗೇ ಮಾಡ್ತೀನಿ, ಬೆನ್ನ ಹಿಂದೆ ಮಾಡಿದೆ ಅನ್ನಬೇಡಿ."

"ಸ್ವಂತ ಮಾವನ ಮೇಲಾ!"

"ಸ್ವಂತ ಮಾವ ಅಲ್ಲದಿದ್ರೆ ಹೇಳದೇ ಮಾಡ್ತಿದ್ದೆ."

ಫೋನ್ ಮಾಡಿದೆ. ಆ ವಾರದಲ್ಲೇ ಅಧಿಕಾರಿ ಮೇಡಂ ಮನೆಗೆ ಹೋಗಿ ಹುಡುಗಿಯ ಅಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡರು. ಆತ ಟೊಮೆಟೊ ಟೆಂಪೋ ಓಡಿಸುವ ಸಾಧು ಮನುಷ್ಯ. ಮಾವ ಹೇಳಿದ್ದಕ್ಕೂ ತಲೆಯಾಡಿಸುತ್ತಿದ್ದ, ಮೇಡಂ ಹೇಳಿದ್ದಕ್ಕೂ ತಲೆಯಾಡಿಸಿದ. ಶಾಲೆಯ ದಾಖಲೆ ಸಾಕು, ಮದುವೆ ನಿಲ್ಲಬೇಕು ಎಂದರು ಮೇಡಂ. ಮಾವ ಒಪ್ಪಲಿಲ್ಲ. ಶಾಲೆಯದು ಸುಳ್ಳು, ಅಸಲಿ ಕಾಗದ ಶ್ರೀನಿವಾಸಪುರದಲ್ಲಿದೆ, ತಂದು ತೋರಿಸುತ್ತೇನೆ, ಆಮೇಲೆ ಲಗ್ನಕ್ಕೆ ನೀವೇ ಬಂದು ಅಕ್ಷತೆ ಹಾಕಬೇಕು ಎಂದು ಮೇಡಂಗೇ ಆಹ್ವಾನ ಕೊಟ್ಟು ಕಳಿಸಿದರು.

ಈ ಮನುಷ್ಯನ ಆತ್ಮವಿಶ್ವಾಸದಲ್ಲಿ ಕಾಲು ಭಾಗ ನನಗಿದ್ದಿದ್ದರೆ ಮೊದಲ ಸಲವೇ ಸೀಟು ಸಿಗುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಒಂದು ಅಳುಕು ಇತ್ತು. ಹಳ್ಳಿ ಮಕ್ಕಳನ್ನು ತಡವಾಗಿ ಸ್ಕೂಲಿಗೆ ಹಾಕುವುದು ಹೊಸದೇನಲ್ಲ. ಕಾಗದ ಮಾವನ ಕಡೆ ನಿಂತರೆ ಆ ಹುಡುಗಿಯ ಒಂಬತ್ತನೇ ಕ್ಲಾಸು ಅಲ್ಲಿಗೇ ಮುಗಿಯುತ್ತಿತ್ತು. ನಾನೂ ರಜೆ ಹಾಕಿ ಹೊರಟೆ.

ತವರಿಗೆ ಕರೆತರುವ ಮುಂಚೆಯೇ ನೋವು ಬಂದು, ಮಾವನ ಮಗಳು ಶ್ರೀನಿವಾಸಪುರದ ಸರ್ಕಾರಿ ಆಸ್ಪತ್ರೆಯಲ್ಲೇ ಹೆತ್ತಿದ್ದಳು. ಹೆರಿಗೆ ದಾಖಲಾಗಿತ್ತು, ಆಮೇಲೆ ಕಾಗದ ಕೇಳಲು ಯಾರೂ ಹೋಗಿರಲಿಲ್ಲ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಮಾವ ಕಿಟಕಿಯ ಪಕ್ಕ ಕೂತು, ಮಾವಿನ ತೋಪುಗಳನ್ನು ನೋಡುತ್ತ, ಪಕ್ಕದ ಅಪರಿಚಿತನಿಗೆ ತೆಲುಗಿನಲ್ಲಿ ತನ್ನ ಸೂತ್ರ ವಿವರಿಸುತ್ತಿದ್ದರು. ಆತ "ಅವುನವುನು" ಎಂದು ಒಪ್ಪುತ್ತಿದ್ದ. ಸಮರ್ಥಕರು ಎಲ್ಲ ಬಸ್ಸಿನಲ್ಲೂ ಸಿಗುತ್ತಾರೆ.

ಪುರಸಭೆಯ ಕಿಟಕಿಯ ಮುಂದೆ ನಾಲ್ವರೂ ನಿಂತೆವು. ಅರ್ಜಿ ಹಿಂದಿನ ವಾರವೇ ಕೊಟ್ಟಾಗಿತ್ತು. ಗುಮಾಸ್ತೆ ಕಂಪ್ಯೂಟರ್ ನೋಡಿ, ತಾಯಿಯ ಹೆಸರು, ಊರು ಕೇಳಿ, ಒಂದು ಹಾಳೆ ಅಚ್ಚು ಹಾಕಿದಳು.

"ಮಗು ಹೆಸರಿನ ಜಾಗ ಖಾಲಿ ಇದೆ. ಹದಿನೈದು ವರ್ಷದೊಳಗೆ ಸೇರಿಸಬೇಕು. ಇನ್ನೆರಡು ತಿಂಗಳು ಟೈಮಿದೆ ನಿಮಗೆ, ಬೇಗ ಮಾಡಿಸ್ಕೊಳಿ" ಎಂದಳು.

ಅವಳಿಗೆ ತಾನೇನು ಹೇಳಿದೆನೆಂದು ಗೊತ್ತಿರಲಿಲ್ಲ. ಹದಿನಾಲ್ಕು ವರ್ಷ, ಹತ್ತು ತಿಂಗಳು. ಹುಡುಗಿ ಮೂವರಿಗಿಂತ ಮುಂಚೆ ಕೈ ಚಾಚಿದಳು. ಗುಮಾಸ್ತೆ ಹಾಳೆಯನ್ನು ಅವಳ ಕೈಗೇ ಕೊಟ್ಟಳು. ಅವಳು ಅದನ್ನು ಮೇಲಿಂದ ಕೆಳಗೆ ಎರಡು ಸಲ ಓದಿ, "ಅಮ್ಮಾ, ನಾನು ಫೇಲಾಗಿಲ್ಲ" ಎಂದಳು.

ಮಾವ ಹಾಳೆ ಕೇಳಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತರು. ಬೆರಳು ಮಡಚುತ್ತ, ಬಿಚ್ಚುತ್ತ ಬಹಳ ಹೊತ್ತು ಏನೋ ಲೆಕ್ಕ ಹಾಕಿದರು. ಮೊಮ್ಮಗಳ ಲೆಕ್ಕ ಮುಗಿದಿತ್ತು. ಈ ಲೆಕ್ಕ ಬೇರೆ ಎಂದು ನನಗೆ ಅವರು ಮಗಳ ಕಡೆ ನೋಡಿದಾಗಲೇ ತಿಳಿಯಿತು. ಅವಳು ಮಗಳ ಹೆಗಲ ಮೇಲೆ ಕೈಯಿಟ್ಟು ಹಾಳೆಯನ್ನೇ ನೋಡುತ್ತಿದ್ದಳು.

"ಅಮ್ಮಣ್ಣೀ" ಎಂದರು ಮಾವ ನನಗೆ, ಜಗಲಿಯ ಗಂಟಲು ಎಲ್ಲೋ ಬಿಟ್ಟು ಬಂದವರಂತೆ. "ಹದಿನಾರು ಅಂತ ಬರ್ದಿತ್ತಲ್ಲ, ನಿನ್ನ ಆ ಕೈ ಫೋಟೋ ಹಿಡಿಸಿದ ತಿಂಗ್ಳೇ ಅಲ್ವೇನಮ್ಮಾ, ಇವಳ ಮದುವೆ ಮಾಡಿದ್ದು ನಾನು?"